ಇನ್‌ಚಾರ್ಜ್ ಸಿಸ್ಟರ್‌ಗೆ ಮೊದಲ ಮೌಲ್ಯಮಾಪನ

ಯಾವುದೇ ಆಸ್ಪತ್ರೆಯ ವಾರ್ಡಿಗೆ ಹೋಗಿ ಇಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡುವ ನರ್ಸ್ ಯಾರೆಂದು ಕೇಳಿದರೆ ಎಲ್ಲರೂ ಒಂದೇ ಹೆಸರು ಹೇಳುತ್ತಾರೆ. ರಕ್ತನಾಳ ಸಿಗದ ವೃದ್ಧರಿಗೂ ಮೊದಲ ಸಲಕ್ಕೇ ಕ್ಯಾನುಲಾ ಹಾಕುವವರು, ರೋಗಿಯ ಉಸಿರು ಬದಲಾದದ್ದನ್ನು ಮಾನಿಟರಿಗಿಂತ ಮೊದಲೇ ಗುರುತಿಸುವವರು, ರೌಂಡ್ಸ್‌ಗೆ ಬಂದ ಡಾಕ್ಟರು ಮೊದಲು ಹುಡುಕುವುದು ಅವರನ್ನೇ. ಹಳೆಯ ಇನ್‌ಚಾರ್ಜ್ ನಿವೃತ್ತರಾದ ದಿನ ಆ ಕುರ್ಚಿಗೆ ಅವರನ್ನೇ ಕೂರಿಸುತ್ತಾರೆ. ಆರು ತಿಂಗಳಾದ ಮೇಲೆ ನರ್ಸಿಂಗ್ ಸೂಪರಿಂಟೆಂಡೆಂಟರ ಮೇಜಿಗೆ ಒಂದು ಫಾರಂ ಬರುತ್ತದೆ. ಸಮಯಪಾಲನೆ, ಸಮವಸ್ತ್ರ, ದಾಖಲೆ ಬರೆಯುವ ರೀತಿ, ರೋಗಿಗಳೊಂದಿಗಿನ ನಡತೆ, ಪ್ರತಿಯೊಂದಕ್ಕೂ ಐದರಲ್ಲಿ ಎಷ್ಟು? ಅದು ಅವರು ಸ್ಟಾಫ್ ನರ್ಸ್ ಆಗಿದ್ದಾಗ ತುಂಬುತ್ತಿದ್ದ ಫಾರಂ. ಕೆಲಸ ಬದಲಾಗಿದೆ, ಅಳೆಯುವ ಕೋಲು ಮಾತ್ರ ಬದಲಾಗಿಲ್ಲ.

ಇದು ಬರೀ ಆಸ್ಪತ್ರೆಗಳ ತೊಂದರೆಯಲ್ಲ. ಕೆಳಗಿನ ಕೆಲಸದಲ್ಲಿ ಗೆದ್ದವರನ್ನು ಮೇಲಿನ ಕೆಲಸಕ್ಕೆ ಏರಿಸುತ್ತ ಹೋದರೆ ಕೊನೆಗೆ ಪ್ರತಿಯೊಬ್ಬರೂ ತಮ್ಮ ಕೈಲಾಗದ ಹುದ್ದೆಯಲ್ಲಿ ನಿಲ್ಲುತ್ತಾರೆ ಎಂದು ಲಾರೆನ್ಸ್ ಪೀಟರ್ 1969ರಷ್ಟು ಹಿಂದೆಯೇ ಪುಸ್ತಕ ಬರೆದಿದ್ದರು. 2019ರಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಅಮೆರಿಕದ 131 ಕಂಪನಿಗಳ ಮಾರಾಟ ಸಿಬ್ಬಂದಿಯ ದಾಖಲೆ ಇಟ್ಟುಕೊಂಡು ಆ ಮಾತನ್ನು ಪರೀಕ್ಷಿಸಿದರು. ಹೆಚ್ಚು ಮಾರಾಟ ಮಾಡಿದವರಿಗೇ ಬಡ್ತಿ ಸಿಗುತ್ತಿತ್ತು. ಆದರೆ ಬಡ್ತಿಯ ನಂತರ ಅವರ ಕೈಕೆಳಗಿನವರ ಮಾರಾಟ ಹೋಲಿಕೆಯಲ್ಲಿ ಕಡಿಮೆಯಾಗಿತ್ತು. ತಾನು ಮಾಡುವುದು ಒಂದು ವಿದ್ಯೆ, ಇನ್ನೊಬ್ಬರಿಂದ ಮಾಡಿಸುವುದು ಬೇರೆಯೇ ವಿದ್ಯೆ ಎಂದು ಅದರಿಂದ ತಿಳಿಯುತ್ತದೆ. ಹಾಗಾದರೆ ಆ ಎರಡನೆಯ ವಿದ್ಯೆಯನ್ನು ಅಳೆಯುವುದು ಹೇಗೆ? ನರ್ಸಿಂಗ್ ವಾರ್ಡನ್ನೇ ನೋಡಲು ಕಾರಣವಿದೆ. ಅಲ್ಲಿ ಎಲ್ಲವೂ ಬರವಣಿಗೆಯಲ್ಲಿ ಉಳಿಯುತ್ತದೆ. ಯಾರು ಯಾವ ಪಾಳಿಯಲ್ಲಿದ್ದರು, ಯಾವುದನ್ನು ಯಾರು ಪರಿಶೀಲಿಸಿದರು, ಏನು ತಪ್ಪಿತು ಎಂಬುದಕ್ಕೆಲ್ಲ ಸಹಿ ಇರುತ್ತದೆ. ಓದುವ ತಾಳ್ಮೆಯಿದ್ದರೆ ನಾಯಕತ್ವದ ಗುರುತುಗಳು ಆ ಪುಸ್ತಕಗಳಲ್ಲೇ ಸಿಗುತ್ತವೆ.

ಚರ್ಚೆಗೆಂದು ಒಂದು ವಾರ್ಡನ್ನು ಕಲ್ಪಿಸಿಕೊಳ್ಳೋಣ. ಖಾಸಗಿ ಆಸ್ಪತ್ರೆಯೊಂದರ ಮೆಡಿಕಲ್ ವಾರ್ಡ್, 30 ಹಾಸಿಗೆ, 16 ಸ್ಟಾಫ್ ನರ್ಸ್‌ಗಳು, ಜೊತೆಗೆ ಆಯಾಗಳು ಮತ್ತು ವಾರ್ಡ್ ಬಾಯ್‌ಗಳು. ಬೆಳಗಿನ ಪಾಳಿಗೆ ಐವರು, ಸಂಜೆಗೆ ನಾಲ್ವರು, ರಾತ್ರಿ ಎಂಟರಿಂದ ಬೆಳಗ್ಗೆ ಎಂಟರವರೆಗೆ ಮೂವರು. ಉಳಿದವರು ವಾರದ ರಜೆ, ನೈಟ್ ಆಫ್, ಕಾಯಿಲೆ ರಜೆಯಲ್ಲಿರುತ್ತಾರೆ. ಹೊಸ ಇನ್‌ಚಾರ್ಜ್ ಸಿಸ್ಟರ್ ಬೆಳಗ್ಗೆ ಎಂಟಕ್ಕೆ ಬಂದು ಸಂಜೆ ಐದಕ್ಕೆ ಹೋಗಬೇಕು. ಅವರಿಗೆ ಹಾಸಿಗೆಯ ಪಕ್ಕದ ಕೆಲಸದಲ್ಲಿ ಹನ್ನೊಂದು ವರ್ಷದ ಅನುಭವವಿದೆ, ತಂಡ ನಡೆಸುವುದರಲ್ಲಿ ಆರೇ ತಿಂಗಳದ್ದು.

ಹಂಚಿದ ಕೆಲಸವನ್ನು ಹುಡುಕುವುದು

ಈ ಇನ್‌ಚಾರ್ಜ್ ದಿನವೂ ಮನೆಗೆ ಹೊರಡುವುದು ರಾತ್ರಿ ಏಳೂವರೆಗೆ. ಕಷ್ಟದ ಕ್ಯಾನುಲಾ ಇದ್ದರೆ ಅವರೇ ಹಾಕುತ್ತಾರೆ, ಡಿಸ್‌ಚಾರ್ಜ್ ಫೈಲನ್ನು ಅವರೇ ಮುಗಿಸುತ್ತಾರೆ, ಫಾರ್ಮಸಿಗೆ ಇಂಡೆಂಟ್ ಬರೆಯುವವರೂ ಅವರೇ. ಯಾರಾದರೂ ತೊಂದರೆ ಹೇಳಿಕೊಂಡು ಬಂದರೆ "ನೀವು ಬಿಡಿ, ನಾನು ನೋಡ್ಕೋತೀನಿ" ಎನ್ನುತ್ತಾರೆ. ಹಳೆಯ ಫಾರಂನಲ್ಲಿ ಅವರಿಗೆ ಪರಿಶ್ರಮಕ್ಕೆ ಐದಕ್ಕೆ ಐದು. ಕೆಲಸ ಹಂಚಿಕೆಯ ದೃಷ್ಟಿಯಿಂದ ಅದೇ ಏಳೂವರೆ ಗಂಟೆ ಒಂದು ಎಚ್ಚರಿಕೆ. ಇನ್‌ಚಾರ್ಜ್ ಎಷ್ಟು ದುಡಿದರು ಎಂದು ನೋಡಿದರೆ ಸಾಲದು. ಅವರಿಲ್ಲದ ದಿನ ವಾರ್ಡ್ ಹೇಗೆ ನಡೆಯಿತು ಎಂದು ನೋಡಬೇಕು.

ಅದಕ್ಕೆ ಸುಲಭದ ದಾರಿ ಕ್ರ್ಯಾಶ್ ಕಾರ್ಟಿನ ಪರಿಶೀಲನಾ ಪಟ್ಟಿ. ರೋಗಿಯ ಹೃದಯ ನಿಂತಾಗ ತಳ್ಳಿಕೊಂಡು ಬರುವ ಗಾಡಿ ಅದು. ಅಡ್ರಿನಲಿನ್ ಇದೆಯೇ, ಅಂಬು ಬ್ಯಾಗ್ ಸರಿಯಿದೆಯೇ, ಲ್ಯಾರಿಂಗೋಸ್ಕೋಪಿನ ಬಲ್ಬ್ ಹೊತ್ತುತ್ತದೆಯೇ, ಡಿಫಿಬ್ರಿಲೇಟರ್ ಚಾರ್ಜ್ ಆಗಿದೆಯೇ ಎಂದು ನೋಡಿ ಸಹಿ ಹಾಕಬೇಕು. ನಮ್ಮ ಉದಾಹರಣೆಯ ವಾರ್ಡಿನಲ್ಲಿ ಕಳೆದ ಎರಡು ತಿಂಗಳ ಹಾಳೆ ತೆಗೆದರೆ ಪ್ರತಿ ದಿನವೂ ಒಂದೇ ಸಹಿ, ಇನ್‌ಚಾರ್ಜ್ ಅವರದು. ಭಾನುವಾರಗಳ ಚೌಕಗಳು ಮಾತ್ರ ಖಾಲಿ, ಏಕೆಂದರೆ ಅಂದು ಅವರಿಗೆ ರಜೆ. ಗಾಡಿ ಪರೀಕ್ಷಿಸಲು ಬಲ್ಲವರು ಆ ವಾರ್ಡಿನಲ್ಲಿ ಕಡಿಮೆಯೆಂದರೂ ಹತ್ತು ಮಂದಿ ಇದ್ದಾರೆ. ಅದು ತಮ್ಮ ಕೆಲಸವೆಂದು ಅವರಿಗೆ ಯಾರೂ ಹೇಳಿಲ್ಲ. ಇನ್‌ಚಾರ್ಜ್‌ಗೆ ಕಾಳಜಿಯಿದೆ, ನಿಜ. ಆದರೆ ವಾರ್ಡಿಗೆ ಬೇಕಾದ ಭದ್ರತೆ ವಾರದಲ್ಲಿ ಒಂದು ದಿನ ಇರುವುದಿಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ, ಮತ್ತು ಅದು ಹೆಚ್ಚು ಅಪಾಯಕಾರಿ. ಇನ್‌ಚಾರ್ಜ್ ಒಂದು ಕೆಲಸವನ್ನು ಹಂಚಿದಂತೆ ಕಂಡರೂ ನಿಜದಲ್ಲಿ ಅದನ್ನು ಕೈತೊಳೆದುಕೊಂಡಿರುತ್ತಾರೆ. ಸೇರಿ ಮೂರು ತಿಂಗಳಾದ ನರ್ಸ್‌ಗೆ ರಕ್ತ ಕೊಡುವ ಕೆಲಸ ಒಪ್ಪಿಸಿದರು ಎಂದುಕೊಳ್ಳಿ. ರಕ್ತದ ಚೀಲವನ್ನೂ ರೋಗಿಯ ಗುರುತನ್ನೂ ಇಬ್ಬರು ನರ್ಸ್‌ಗಳು ಹಾಸಿಗೆಯ ಬಳಿಯೇ ತಾಳೆ ನೋಡಬೇಕು. ರಕ್ತ ಹರಿಯಲು ಶುರುವಾದ ಮೊದಲ ಹದಿನೈದು ನಿಮಿಷ ರೋಗಿಯ ಹತ್ತಿರ ನಿಂತಿರಬೇಕು, ಏಕೆಂದರೆ ಪ್ರಾಣಕ್ಕೆ ಕುತ್ತಾಗುವ ಪ್ರತಿಕ್ರಿಯೆ ಆಗ ಕಾಣಿಸಿಕೊಳ್ಳಬಹುದು. ಆ ಹುಡುಗಿಗೆ ಇದೇ ಹೊತ್ತಿಗೆ ಇನ್ನೂ ಆರು ರೋಗಿಗಳ ಹೊಣೆಯಿದ್ದರೆ ಅವಳು ಅಲ್ಲಿ ನಿಲ್ಲುವುದು ಹೇಗೆ?

ಅಮೆರಿಕದ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಒಕ್ಕೂಟ 1990ರ ದಶಕದಲ್ಲಿ ಕೆಲಸ ಒಪ್ಪಿಸುವುದಕ್ಕೆ ಐದು ಪರೀಕ್ಷೆಗಳನ್ನು ಹೇಳಿತು. ಇವತ್ತು ನಮ್ಮ ನರ್ಸಿಂಗ್ ಕಾಲೇಜುಗಳಲ್ಲೂ ಅವನ್ನು ಕಲಿಸುತ್ತಾರೆ. ಈ ಕೆಲಸ ಒಪ್ಪಿಸಬಹುದಾದದ್ದೇ? ರೋಗಿಯ ಸ್ಥಿತಿ ಅದಕ್ಕೆ ತಕ್ಕಂತಿದೆಯೇ? ವ್ಯಕ್ತಿ ಸರಿಯೇ? ಏನು ಮಾಡಬೇಕೆಂದು ಸ್ಪಷ್ಟವಾಗಿ ಹೇಳಿದೆನೇ? ಮಧ್ಯೆ ಹೋಗಿ ನೋಡಿದೆನೇ? ಹೊಸ ಇನ್‌ಚಾರ್ಜ್‌ಗಳು ಹೆಚ್ಚಾಗಿ ಎಡವುವುದು ಕೊನೆಯ ಎರಡರಲ್ಲಿ. ಕೆಲಸ ಒಪ್ಪಿಸಿದರೂ ಉತ್ತರ ಕೊಡುವ ಹೊಣೆ ತಮ್ಮದೇ ಆಗಿ ಉಳಿಯುತ್ತದೆ ಎಂಬುದು ಅವರಿಗೆ ಇನ್ನೂ ಮೈಗೂಡಿರುವುದಿಲ್ಲ.

ಮೌಲ್ಯಮಾಪನ ಮಾಡುವವರು ಇದನ್ನು ತಿಳಿಯಲು ಇನ್‌ಚಾರ್ಜ್ ಬಳಿ ಹೋಗುವುದಕ್ಕಿಂತ ಕೆಲಸ ವಹಿಸಿಕೊಂಡವರ ಬಳಿ ಹೋಗುವುದು ಒಳ್ಳೆಯದು. "ಕಳೆದ ವಾರ ನಿಮಗೆ ಹೊಸದಾಗಿ ಯಾವ ಕೆಲಸ ಕೊಟ್ಟರು? ಕೊಡುವಾಗ ಏನು ಹೇಳಿದರು? ಆಮೇಲೆ ಬಂದು ನೋಡಿದರಾ?" ಈ ಮೂರು ಪ್ರಶ್ನೆಗೆ ಬರುವ ಉತ್ತರ "ನಿಮ್ಮ ಇನ್‌ಚಾರ್ಜ್ ಹೇಗೆ?" ಎಂಬ ಪ್ರಶ್ನೆಗೆ ಬರುವ ಉತ್ತರಕ್ಕಿಂತ ಬಹಳ ನಿಜವಾಗಿರುತ್ತದೆ. ಇನ್‌ಚಾರ್ಜ್ ಹೇಗೆಂದು ಕೇಳಿದರೆ ಎಲ್ಲರೂ "ಒಳ್ಳೆಯವರು ಮೇಡಂ" ಅನ್ನುತ್ತಾರೆ. ಹಾಗೆ ಅನ್ನದೆ ಅವರಿಗೂ ಬೇರೆ ದಾರಿಯಿಲ್ಲ.

ಜಗಳವಿಲ್ಲದ ವಾರ್ಡ್

"ಆರು ತಿಂಗಳಿಂದ ಆ ವಾರ್ಡಿನಿಂದ ಒಂದು ದೂರೂ ಬಂದಿಲ್ಲ" ಎಂದು ಸೂಪರಿಂಟೆಂಡೆಂಟ್ ಹೇಳಿದರೆ ಅದನ್ನು ಹೊಗಳಿಕೆ ಎಂದು ತಿಳಿಯುವವರೇ ಹೆಚ್ಚು. ಹದಿನಾರು ಮಂದಿ ಮೂರು ಪಾಳಿಯಲ್ಲಿ, ಹಬ್ಬ, ಮದುವೆ, ಮಕ್ಕಳ ಪರೀಕ್ಷೆಗಳ ನಡುವೆ ಕೆಲಸ ಮಾಡುವ ಜಾಗದಲ್ಲಿ ಆರು ತಿಂಗಳು ಅಸಮಾಧಾನವೇ ಹುಟ್ಟಿಲ್ಲ ಎಂದರೆ ನಂಬುವುದು ಕಷ್ಟ. ಅಸಮಾಧಾನ ಬೇರೆ ಹೆಸರಿನಲ್ಲಿ ಹೊರಬಂದಿರುತ್ತದೆ. ವಾರ್ಡ್ ಬದಲಾವಣೆ ಕೋರಿದ ಅರ್ಜಿ, ಸೋಮವಾರದ ಕಾಯಿಲೆ ರಜೆ, ಹ್ಯಾಂಡೋವರ್ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಮಾತಾಡದೆ ಪುಸ್ತಕ ಮುಂದಕ್ಕೆ ತಳ್ಳುವುದು, ಇವೆಲ್ಲ ಅದರ ರೂಪಗಳೇ.

ನಮ್ಮ ವಾರ್ಡಿನಲ್ಲೂ ಇಬ್ಬರು ಕಿರಿಯ ನರ್ಸ್‌ಗಳು ವಾರ್ಡ್ ಬದಲಾವಣೆ ಕೇಳಿದ್ದಾರೆ. ಕಾರಣದ ಜಾಗದಲ್ಲಿ "ವೈಯಕ್ತಿಕ" ಎಂದಿದೆ. ಒಬ್ಬ ಹಿರಿಯ ನರ್ಸ್‌ಗೂ ಇವರಿಗೂ ಹೊಂದಿಕೆ ಇಲ್ಲ ಎಂದು ಇನ್‌ಚಾರ್ಜ್ ಹೇಳುತ್ತಾರೆ. ಮೂವರನ್ನೂ ಕೂರಿಸಿ "ಒಂದೇ ಮನೆಯವರ ಥರ ಹೊಂದಿಕೊಂಡು ಹೋಗಿ" ಎಂದು ಬುದ್ಧಿ ಹೇಳಿದ್ದಾರಂತೆ. ಈಗ ಡ್ಯೂಟಿ ರೋಸ್ಟರ್ ತೆಗೆಯೋಣ. ಆರು ತಿಂಗಳಲ್ಲಿ 182 ರಾತ್ರಿ, ರಾತ್ರಿಗೆ ಮೂವರಂತೆ 546 ರಾತ್ರಿಪಾಳಿಗಳು. ಹದಿನಾರು ಮಂದಿಗೆ ಸಮನಾಗಿ ಹಂಚಿದರೆ ತಲಾ 34. ಆ ಹಿರಿಯ ನರ್ಸ್ ಮಾಡಿದ್ದು 9, ವಾರ್ಡ್ ಬಿಡಲು ಹೊರಟವರಲ್ಲಿ ಒಬ್ಬರು 52, ಇನ್ನೊಬ್ಬರು 49. ಇದನ್ನು ಸ್ವಭಾವಗಳ ಜಗಳ ಎನ್ನಲಾಗದು. ಇದು ಲೆಕ್ಕದ ಜಗಳ, ಮತ್ತು ಲೆಕ್ಕ ಬರೆದವರು ಇನ್‌ಚಾರ್ಜ್.

ಹೀಗಾಗಲು ಕಾರಣ ಹುಡುಕಿದರೆ ಕೆಟ್ಟ ಉದ್ದೇಶ ಸಿಗುವುದಿಲ್ಲ. ಆರು ತಿಂಗಳ ಹಿಂದೆ ಇನ್‌ಚಾರ್ಜ್ ಮತ್ತು ಆ ಹಿರಿಯ ನರ್ಸ್ ಒಂದೇ ಪಾಳಿಯಲ್ಲಿ ಜೊತೆಗೆ ದುಡಿದವರು. ಆಕೆ ವಯಸ್ಸಿನಲ್ಲಿ ದೊಡ್ಡವರು, "ಅಕ್ಕ" ಎಂದು ಕರೆಸಿಕೊಳ್ಳುವವರು. ಅಂಥವರಿಗೆ "ಈ ವಾರ ನೈಟ್ ನಿಮ್ಮದು" ಎಂದು ಹೇಳಲು ಹೊಸ ಇನ್‌ಚಾರ್ಜ್‌ಗೆ ನಾಲಿಗೆ ಏಳುವುದಿಲ್ಲ. ನಿನ್ನೆಯ ಸಹೋದ್ಯೋಗಿಗೆ ಇಂದು ಬೇಡದ ಮಾತು ಹೇಳಬೇಕಾಗಿ ಬರುವುದು ಮೊದಲ ಬಾರಿಗೆ ತಂಡದ ಹೊಣೆ ಹೊತ್ತ ಪ್ರತಿಯೊಬ್ಬರಿಗೂ ಎದುರಾಗುವ ಗಂಟು. ಆಗ ಯಾರು ಎದುರಾಡುವುದಿಲ್ಲವೋ ಅವರ ಮೇಲೆ ಭಾರ ಜಾರುತ್ತದೆ. ಆದ್ದರಿಂದ ಸಂಘರ್ಷ ನಿಭಾಯಿಸುವ ಶಕ್ತಿಯನ್ನು ಅಳೆಯುವಾಗ ನಾನು ಮೊದಲು ಕೇಳುವ ಪ್ರಶ್ನೆ ಇದು: ಈ ಆರು ತಿಂಗಳಲ್ಲಿ ನಿಮಗಿಂತ ಹಿರಿಯರಿಗೆ ನೀವು "ಇಲ್ಲ" ಎಂದದ್ದು ಯಾವಾಗ? ಒಂದು ಘಟನೆಯೂ ನೆನಪಾಗದಿದ್ದರೆ ಆ ಮೌನಕ್ಕೆ ಯಾರೋ ಬೆಲೆ ತೆರುತ್ತಿದ್ದಾರೆ ಎಂದೇ ಅರ್ಥ.

ಚೆನ್ನಾಗಿ ನಿಭಾಯಿಸಿದ ಜಗಳಕ್ಕೂ ಗುರುತುಗಳಿವೆ. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿರಬೇಕು. ಮಾತಿಗೆ ಮುಂಚೆ ದಾಖಲೆ ನೋಡಿರಬೇಕು, ಇಲ್ಲಿ ರೋಸ್ಟರಿನ ಎಣಿಕೆ. ಆಮೇಲೆ ಒಟ್ಟಿಗೆ ಕೂರಿಸಿ ಒಂದು ತೀರ್ಮಾನಕ್ಕೆ ಬಂದಿರಬೇಕು, ಅದು ಎಲ್ಲರಿಗೂ ಕಾಣುವಂತಿರಬೇಕು: ಮುಂದಿನ ತಿಂಗಳಿಂದ ನೈಟ್‌ಗಳ ಲೆಕ್ಕ ನೋಟಿಸ್ ಬೋರ್ಡಿನಲ್ಲಿ, ಆರೋಗ್ಯದ ಕಾರಣಕ್ಕೆ ವಿನಾಯಿತಿ ಬೇಕಾದವರು ವೈದ್ಯರ ಪತ್ರದೊಂದಿಗೆ ಕೇಳಬಹುದು, ಪರಸ್ಪರ ಬದಲಾಯಿಸಿಕೊಂಡರೆ ಇಬ್ಬರ ಸಹಿ ಇರಬೇಕು. ಎರಡು ಮೂರು ವಾರ ಬಿಟ್ಟು ಅದು ನಡೆಯುತ್ತಿದೆಯೇ ಎಂದು ನೋಡಿರಬೇಕು. ಬುದ್ಧಿಮಾತು ಹೇಳಿ ಕಳಿಸಿದ್ದರೆ ಈ ಹೆಜ್ಜೆಗಳಲ್ಲಿ ಒಂದೂ ನಡೆದಿಲ್ಲ.

ಇಲ್ಲಿ ಒಂದು ವಿಷಯವನ್ನು ಬಿಡದೆ ಹೇಳಬೇಕು. ಕೆಲವು ದೂರುಗಳನ್ನು ವಾರ್ಡಿನೊಳಗೆ ಬಗೆಹರಿಸುವ ಅಧಿಕಾರವೇ ಇನ್‌ಚಾರ್ಜ್‌ಗೆ ಇಲ್ಲ. ಲೈಂಗಿಕ ಕಿರುಕುಳದ ದೂರು ಬಂದಾಗ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಿದ ಇನ್‌ಚಾರ್ಜ್‌ಗೆ "ಸಮಸ್ಯೆ ದೊಡ್ಡದಾಗದಂತೆ ನೋಡಿಕೊಂಡರು" ಎಂದು ಒಳ್ಳೆಯ ಅಂಕ ಕೊಡುವ ಅಧಿಕಾರಿಗಳಿದ್ದಾರೆ. 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ದೂರು ಹೋಗಬೇಕಾದದ್ದು ಅಲ್ಲಿಗೆ. ರಾಜಿ ಕೂಡ ನೊಂದ ಮಹಿಳೆ ತಾನಾಗಿ ಕೋರಿದರೆ ಮಾತ್ರ, ಸಮಿತಿಯ ಮೂಲಕ ಮಾತ್ರ ಸಾಧ್ಯ. ದೂರು ಬಂದ ದಿನವೇ ಆಕೆಗೆ ಸಮಿತಿಯ ದಾರಿ ತೋರಿಸಿ, ಜೊತೆಗೆ ನಿಂತ ಇನ್‌ಚಾರ್ಜ್‌ಗೆ ಸಲ್ಲಬೇಕು ಅಂಕ.

ತಪ್ಪುಗಳ ಪುಸ್ತಕ

ಮೂರನೆಯದು, ತಂಡಕ್ಕೆ ಬೆಂಬಲ. ಅಳೆಯಲು ಎಲ್ಲಕ್ಕಿಂತ ಕಷ್ಟದ್ದು ಇದೇ, ಮತ್ತು ಅಂಕಿಗಳು ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದೂ ಇಲ್ಲೇ.

1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಅಮೆರಿಕದ ಎರಡು ಆಸ್ಪತ್ರೆಗಳ ಎಂಟು ವಿಭಾಗಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ನಾಯಕಿ ಇರುವ, ಒಗ್ಗಟ್ಟಿನ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂದು ಅವರ ನಿರೀಕ್ಷೆ. ಲೆಕ್ಕ ಬಂದಾಗ ತಿರುಗುಮುರುಗು. ಒಳ್ಳೆಯ ತಂಡಗಳಲ್ಲೇ ತಪ್ಪುಗಳ ಸಂಖ್ಯೆ ಹೆಚ್ಚು. ಹತ್ತಿರದಿಂದ ನೋಡಿದಾಗ ಕಾರಣ ತಿಳಿಯಿತು. ಆ ತಂಡಗಳು ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದವು, ಉಳಿದವು ಮುಚ್ಚಿಡುತ್ತಿದ್ದವು. ಹೇಳಿದರೆ ತಲೆ ಹೋಗುವುದಿಲ್ಲ ಎಂಬ ಧೈರ್ಯ ಇದ್ದ ಕಡೆ ಪುಸ್ತಕ ತುಂಬುತ್ತಿತ್ತು. 1996ರಲ್ಲಿ ಪ್ರಕಟವಾದ ಆ ಅಧ್ಯಯನವನ್ನು ಮೌಲ್ಯಮಾಪನ ಮಾಡುವ ಪ್ರತಿಯೊಬ್ಬರೂ ತಿಳಿದಿರಬೇಕು ಎಂದು ನನಗನ್ನಿಸುತ್ತದೆ. ಏಕೆಂದರೆ ನಮ್ಮ ಆಸ್ಪತ್ರೆಗಳಲ್ಲಿ ಇನ್ನೂ ಎಷ್ಟೋ ಕಡೆ ಇನ್ಸಿಡೆಂಟ್ ರಿಪೋರ್ಟ್ ಕಡಿಮೆ ಇದ್ದವರಿಗೆ ಅಂಕ ಹೆಚ್ಚು.

ನಮ್ಮ ವಾರ್ಡಿನ ಲೆಕ್ಕವನ್ನೇ ಮಾಡಿ. ಮೂವತ್ತು ರೋಗಿಗಳು, ದಿನಕ್ಕೆ ತಲಾ ಆರು ಸಲ ಔಷಧಿ ಎಂದರೂ 180. ಆರು ತಿಂಗಳಲ್ಲಿ 32,000ಕ್ಕೂ ಮೀರಿ. ಇಷ್ಟರಲ್ಲಿ ಒಂದೂ ತಪ್ಪಲಿಲ್ಲ, ಒಂದೂ ತಪ್ಪಿನ ಅಂಚಿಗೆ ಬರಲಿಲ್ಲ ಎಂದು ಪುಸ್ತಕ ಹೇಳಿದರೆ ಪುಸ್ತಕವನ್ನು ಸಂಶಯಿಸಬೇಕು. ಈ ವಾರ್ಡಿನಲ್ಲಿ ಹಳೆಯ ಇನ್‌ಚಾರ್ಜ್ ಇದ್ದ ಕೊನೆಯ ಆರು ತಿಂಗಳಲ್ಲಿ ಎರಡು ರಿಪೋರ್ಟ್‌ಗಳಿದ್ದವು. ಹೊಸಬರು ಬಂದ ಮೇಲೆ ಹದಿಮೂರು. ಮೇಲ್ನೋಟಕ್ಕೆ ವಾರ್ಡ್ ಕೆಟ್ಟಿದೆ. ಆದರೆ ಬರೆದವರು ಯಾರು, ಏನು ಬರೆದಿದ್ದಾರೆ ಎಂದು ಓದಬೇಕು.

ಹದಿಮೂರರಲ್ಲಿ ಹತ್ತು, ರೋಗಿಗೆ ತಲುಪುವ ಮುನ್ನವೇ ಸಿಕ್ಕಿಬಿದ್ದ ತಪ್ಪುಗಳು. ಏಳನ್ನು ಬರೆದವರು ಎರಡು ವರ್ಷವೂ ತುಂಬದ ಕಿರಿಯರು. ಅವುಗಳಲ್ಲಿ ಒಂದನ್ನು ನೋಡಿ: ಅಕ್ಕಪಕ್ಕದ ಹಾಸಿಗೆಗಳಲ್ಲಿ ಒಂದೇ ಹೆಸರಿನ ಇಬ್ಬರು ರೋಗಿಗಳು, ಇಬ್ಬರಿಗೂ ಸಕ್ಕರೆ ಕಾಯಿಲೆ. ರಾತ್ರಿ ಊಟಕ್ಕೆ ಮುಂಚೆ ಒಬ್ಬರ ಇನ್ಸುಲಿನ್ ಇನ್ನೊಬ್ಬರಿಗೆ ಹೋಗುವುದರಲ್ಲಿತ್ತು. ಎರಡನೆಯ ನರ್ಸ್ ಕೈಪಟ್ಟಿಯ ನಂಬರ್ ಓದಿದಾಗ ಗೊತ್ತಾಯಿತು. ಮೊದಲನೆಯವರು ತಾವೇ ರಿಪೋರ್ಟ್ ಬರೆದರು. ಮರುದಿನ ಬೆಳಗಿನ ಹ್ಯಾಂಡೋವರ್‌ನಲ್ಲಿ ಇನ್‌ಚಾರ್ಜ್ ಎಲ್ಲರೆದುರು ಅವರ ಹೆಸರೆತ್ತಿ ಬೈಯಲಿಲ್ಲ. ಏನು ನಡೆಯುವುದರಲ್ಲಿತ್ತು ಎಂದು ಹೇಳಿ, ಒಬ್ಬ ರೋಗಿಯನ್ನು ಬೇರೆ ಹಾಸಿಗೆಗೆ ಬದಲಾಯಿಸಿ, ಒಂದೇ ಹೆಸರಿನವರ ಕೇಸ್ ಶೀಟಿನ ಮೇಲೆ ಬಣ್ಣದ ಚೀಟಿ ಅಂಟಿಸುವ ಕ್ರಮ ಶುರುಮಾಡಿದರು. ರಿಪೋರ್ಟ್ ಬರೆದ ನರ್ಸ್‌ನ ಕೈಲೇ ಆ ಚೀಟಿಯ ಪದ್ಧತಿ ಏನೆಂದು ಉಳಿದ ಪಾಳಿಗಳಿಗೆ ಹೇಳಿಸಿದರು. ತಪ್ಪಿನ ನಂತರ ಏನಾದರೂ ಬದಲಾಯಿತೇ, ತಪ್ಪು ಹೇಳಿದವರು ಮುಂದಿನ ಸಲವೂ ಹೇಳಿದರೇ ಎಂಬ ಎರಡು ಪ್ರಶ್ನೆಗಳಿಗೆ ಹೌದು ಎಂಬ ಉತ್ತರವಿದ್ದರೆ ಬೆಂಬಲ ಇದೆ ಎಂದು ಬರೆಯಬಹುದು.

ಬೆಂಬಲ ಎಂದರೆ ತಪ್ಪನ್ನು ಮುಚ್ಚುವುದೂ ಅಲ್ಲ. ಒಬ್ಬರೇ ಮತ್ತೆ ಮತ್ತೆ ಪರಿಶೀಲನೆ ಬಿಟ್ಟು ಇಂಜೆಕ್ಷನ್ ಕೊಡುತ್ತಿದ್ದರೆ ಅವರನ್ನು ಪಕ್ಕಕ್ಕೆ ಕರೆದು ನೇರವಾಗಿ ಹೇಳಬೇಕು, ತರಬೇತಿಗೆ ಕಳಿಸಬೇಕು, ಬರೆದಿಡಬೇಕು. ರೌಂಡ್ಸ್ ಹೊತ್ತಿನಲ್ಲಿ ಡಾಕ್ಟರೊಬ್ಬರು ಕಿರಿಯ ನರ್ಸ್ ಮೇಲೆ ರೋಗಿಯ ಎದುರೇ ಕೂಗಾಡಿದಾಗ ಇನ್‌ಚಾರ್ಜ್ ಎಲ್ಲಿದ್ದರು ಎಂಬುದೂ ಇಲ್ಲೇ ಸೇರುತ್ತದೆ. "ಸರ್, ಇದರ ಬಗ್ಗೆ ಸ್ಟೇಷನ್‌ನಲ್ಲಿ ಮಾತಾಡೋಣ" ಎಂಬ ಒಂದು ಮಾತು ಸಾಕು. ಆಮೇಲೆ ನರ್ಸ್‌ದೇ ತಪ್ಪಿದ್ದರೆ ಅದನ್ನೂ ಹೇಳಬಹುದು. ಈ ಒಂದು ಮಾತನ್ನು ಆಡಿದ ಇನ್‌ಚಾರ್ಜ್ ಬಗ್ಗೆ ಆ ಕಿರಿಯರು ವರ್ಷಗಟ್ಟಲೆ ಮಾತಾಡುತ್ತಾರೆ.

ಅವರ ಕೈಲಿಲ್ಲದ್ದು

ಅಂಕ ಹಾಕುವ ಮೊದಲು ಬೇರೆ ಮಾಡಬೇಕಾದ ಒಂದು ವಿಷಯವಿದೆ. ಸಾಮಾನ್ಯ ವಾರ್ಡಿನಲ್ಲಿ ಆರು ರೋಗಿಗಳಿಗೆ ಒಬ್ಬ ನರ್ಸ್ ಎಂಬುದು ನಮ್ಮ ದೇಶದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಅಳತೆ. ನಮ್ಮ ಉದಾಹರಣೆಯ ವಾರ್ಡ್ ಬೆಳಗಿನ ಪಾಳಿಯಲ್ಲಿ ಅದನ್ನು ಸರಿಯಾಗಿ ಮುಟ್ಟುತ್ತದೆ, ರಾತ್ರಿ ಹತ್ತಕ್ಕೆ ಒಬ್ಬರು. ಆ ಕೊರತೆಯಿಂದ ಹುಟ್ಟುವ ಆಯಾಸ, ತಡವಾದ ಔಷಧಿ, ಸಿಡಿಮಿಡಿಗೆ ಇನ್‌ಚಾರ್ಜ್ ಹೊಣೆಯಲ್ಲ. ಆಕೆ ಹೊಸ ನರ್ಸ್‌ಗಳನ್ನು ನೇಮಿಸಲಾರರು. ಆಕೆ ಮಾಡಬಹುದಾದದ್ದು, ಕೊರತೆಯನ್ನು ತಾರೀಖು ಸಹಿತ ಬರವಣಿಗೆಯಲ್ಲಿ ಮೇಲಕ್ಕೆ ತಿಳಿಸುವುದು ಮತ್ತು ಇರುವವರಲ್ಲಿ ಭಾರವನ್ನು ನ್ಯಾಯವಾಗಿ ಹಂಚುವುದು. ಅಳೆಯಬೇಕಾದದ್ದು ಅಷ್ಟನ್ನೇ.

ಅಳೆಯುವ ಕಣ್ಣೂ ಸಂಶಯಕ್ಕೆ ಹೊರತಲ್ಲ. ಸುಮಾರು 4,500 ಮ್ಯಾನೇಜರುಗಳಿಗೆ ಸಿಕ್ಕ ಅಂಕಗಳನ್ನು ವಿಶ್ಲೇಷಿಸಿ 2000ದಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಅಂಕಗಳ ವ್ಯತ್ಯಾಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅಂಕ ಹಾಕಿದವರ ಸ್ವಭಾವದಿಂದ ಬಂದದ್ದೆಂದು ಕಂಡುಬಂತು. ಕೆಲವರ ಕೈ ಬಿಗಿ, ಕೆಲವರದು ಸಡಿಲ. ಕೆಲವರಿಗೆ ಕೊನೆಯ ತಿಂಗಳು ಮಾತ್ರ ನೆನಪು. ಇದಕ್ಕೆ ಒಂದು ಮದ್ದು 1963ರಲ್ಲಿ ನರ್ಸಿಂಗ್‌ನಿಂದಲೇ ಬಂದಿದೆ. ಪ್ಯಾಟ್ರಿಷಿಯಾ ಸ್ಮಿತ್ ಮತ್ತು ಲಾರ್ನ್ ಕೆಂಡಾಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಹೆಡ್ ನರ್ಸ್‌ಗಳನ್ನೇ ಕೇಳಿ, ಒಳ್ಳೆಯ ನರ್ಸ್ ಇಂಥ ಸಂದರ್ಭದಲ್ಲಿ ಏನು ಮಾಡುತ್ತಾಳೆ, ಸಾಧಾರಣ ನರ್ಸ್ ಏನು ಮಾಡುತ್ತಾಳೆ ಎಂದು ಅವರ ಮಾತುಗಳಲ್ಲೇ ಬರೆಸಿಕೊಂಡು ಅದರಿಂದ ಅಳತೆಪಟ್ಟಿ ಮಾಡಿದರು. "ಉತ್ತಮ", "ಅತ್ಯುತ್ತಮ" ಎಂಬ ಗುಣವಾಚಕಗಳ ಬದಲು ಕಣ್ಣಿಗೆ ಕಾಣುವ ನಡವಳಿಕೆಗಳು ಬಂದವು.

ನಮ್ಮ ವಾರ್ಡಿಗೂ ಅಂಥ ಪಟ್ಟಿ ಮಾಡಬಹುದು. ಕೆಲಸ ಹಂಚಿಕೆಯಲ್ಲಿ ಒಂದು ಅಂಕ ಎಂದರೆ, ಇನ್‌ಚಾರ್ಜ್ ರಜೆಯಲ್ಲಿದ್ದಾಗ ನಿತ್ಯದ ಪರಿಶೀಲನೆ ನಿಂತುಹೋಗುತ್ತದೆ. ಮೂರು ಎಂದರೆ, ನಿತ್ಯದ ಕೆಲಸಗಳಿಗೆ ಹೆಸರು ಹಚ್ಚಿದೆ, ಆದರೆ ತೊಂದರೆ ಬಂದರೆ ಎಲ್ಲರೂ ಇನ್‌ಚಾರ್ಜ್‌ಗೆ ಫೋನ್ ಮಾಡುತ್ತಾರೆ. ಐದು ಎಂದರೆ, ಪ್ರತಿ ಪಾಳಿಯಲ್ಲೂ ತೀರ್ಮಾನ ತೆಗೆದುಕೊಳ್ಳಬಲ್ಲ ಒಬ್ಬರಿದ್ದಾರೆ, ಅವರನ್ನು ತಯಾರು ಮಾಡಿದವರು ಈ ಇನ್‌ಚಾರ್ಜ್. ಇಂಥ ಪಟ್ಟಿ ಕೈಯಲ್ಲಿದ್ದರೆ ಇಬ್ಬರು ಬೇರೆ ಬೇರೆ ಅಧಿಕಾರಿಗಳು ಹಾಕುವ ಅಂಕ ಹತ್ತಿರ ಹತ್ತಿರ ಬರುವ ಸಾಧ್ಯತೆ ಹೆಚ್ಚು. ಇದನ್ನು ಇನ್‌ಚಾರ್ಜ್‌ಗೆ ಆರನೆಯ ತಿಂಗಳಲ್ಲಿ ತೋರಿಸಿ ಪ್ರಯೋಜನವಿಲ್ಲ, ಹುದ್ದೆ ಕೊಟ್ಟ ದಿನವೇ ಕೊಡಬೇಕು. ಮೂರನೆಯ ತಿಂಗಳಲ್ಲಿ ಅಂಕವಿಲ್ಲದ ಒಂದು ಮಾತುಕತೆ ನಡೆದಿರಬೇಕು. ತಂಡದವರನ್ನು ಕೇಳುವಾಗ ಬರೆಸಿಕೊಳ್ಳುವುದಕ್ಕಿಂತ ಮಾತಾಡಿಸುವುದು ಮೇಲು. ಹದಿನಾರೇ ಮಂದಿ ಇರುವ ಕಡೆ ಹೆಸರಿಲ್ಲದ ಚೀಟಿಯಲ್ಲೂ ಕೈಬರಹ ಗೊತ್ತಾಗುತ್ತದೆ. ಬೇರೆ ವಾರ್ಡಿನ ಹಿರಿಯರೊಬ್ಬರು ಐದಾರು ಜನರೊಂದಿಗೆ, ಅವರಲ್ಲಿ ಒಬ್ಬ ಆಯಾ ಮತ್ತು ರಾತ್ರಿಪಾಳಿಯ ಒಬ್ಬರಾದರೂ ಇರುವಂತೆ, ಒಬ್ಬೊಬ್ಬರೊಂದಿಗೆ ಬೇರೆಯಾಗಿ ಮಾತಾಡಬೇಕು.

ಈಗ ನಮ್ಮ ಇನ್‌ಚಾರ್ಜ್ ಸೂಪರಿಂಟೆಂಡೆಂಟ್ ಎದುರು ಕೂತಿದ್ದಾರೆ. ಕೆಲಸ ಹಂಚಿಕೆಗೆ ಎರಡು, ಸಂಘರ್ಷಕ್ಕೆ ಎರಡು, ಬೆಂಬಲಕ್ಕೆ ನಾಲ್ಕು. ಸರಾಸರಿ ತೆಗೆಯಬಾರದು. ಸರಾಸರಿ ತೆಗೆದರೆ ಮೂರಕ್ಕೆ ಹತ್ತಿರ ಬಂದು ಏನನ್ನೂ ಹೇಳದ ಒಂದು ಅಂಕಿ ಉಳಿಯುತ್ತದೆ. ಮಾತು ಅಂಕದಿಂದ ಶುರುವಾಗದೆ ಕಾಗದದಿಂದ ಶುರುವಾದರೆ ಒಳ್ಳೆಯದು.

"ಸಿಸ್ಟರ್, ಈ ರೋಸ್ಟರಿನಲ್ಲಿ ನೈಟ್‌ಗಳ ಲೆಕ್ಕ ಹಾಕಿದ್ದೀನಿ. ನೀವೇ ಒಮ್ಮೆ ನೋಡಿ."

"ಒಂಬತ್ತು... ಇಷ್ಟೊಂದು ವ್ಯತ್ಯಾಸ ಅಂತ ನಾನು ಅಂದುಕೊಂಡಿರಲಿಲ್ಲ ಮೇಡಂ. ಪ್ರತಿ ವಾರ ಅವರು ಏನೋ ಒಂದು ತೊಂದರೆ ಹೇಳೋರು, ನಾನು ಸರಿ ಅನ್ನುತ್ತಿದ್ದೆ."

"ಮುಂದಿನ ವಾರ ಹೇಳಿದರೆ?"

"ಈ ಲೆಕ್ಕ ತೋರಿಸ್ತೀನಿ. ಆದರೆ ಅವರು ನೇರವಾಗಿ ನಿಮ್ಮ ಹತ್ತಿರ ಬರ್ತಾರೆ."

"ಬರಲಿ. ನಿಮ್ಮನ್ನು ಬಿಟ್ಟು ನಾನು ರೋಸ್ಟರ್ ಬದಲಾಯಿಸೋದಿಲ್ಲ."

ಈ ಕೊನೆಯ ಮಾತು ಮೌಲ್ಯಮಾಪನದ ಭಾಗವೇ. ಇನ್‌ಚಾರ್ಜ್ ತಂಡಕ್ಕೆ ಬೆಂಬಲ ಕೊಡಬೇಕೆಂದು ಬಯಸುವವರು ಇನ್‌ಚಾರ್ಜ್‌ಗೆ ಬೆಂಬಲ ಕೊಟ್ಟಿರಬೇಕು. ಹಿರಿಯ ನರ್ಸ್ ಹಿಂಬಾಗಿಲಿನಿಂದ ಬಂದು ನೈಟ್ ತಪ್ಪಿಸಿಕೊಳ್ಳಲು ಮೇಲಿನವರೇ ಬಿಟ್ಟಿದ್ದರೆ, ಸಂಘರ್ಷದ ಕಲಮಿನಲ್ಲಿ ಇನ್‌ಚಾರ್ಜ್‌ಗೆ ಎರಡು ಹಾಕುವ ಹಕ್ಕು ಅವರಿಗಿಲ್ಲ. ಮುಂದಿನ ಮೂರು ತಿಂಗಳಿಗೆ ಎರಡೇ ಗುರಿ ಸಾಕು. ಕ್ರ್ಯಾಶ್ ಕಾರ್ಟ್, ಇಂಡೆಂಟ್, ಡಿಸ್‌ಚಾರ್ಜ್ ಫೈಲ್, ಈ ಮೂರು ಕೆಲಸಗಳಿಗೆ ಪ್ರತಿ ಪಾಳಿಯಲ್ಲೂ ಒಬ್ಬೊಬ್ಬರ ಹೆಸರು, ಮೊದಲ ಎರಡು ವಾರ ಇನ್‌ಚಾರ್ಜ್ ಪಕ್ಕದಲ್ಲಿ ನಿಂತು ನೋಡುವುದು, ಆಮೇಲೆ ವಾರಕ್ಕೊಮ್ಮೆ. ಮತ್ತು ಪ್ರತಿ ತಿಂಗಳೂ ನೈಟ್‌ಗಳ ಎಣಿಕೆ ನೋಟಿಸ್ ಬೋರ್ಡಿಗೆ. ಇದರ ಫಲ ಕಾಣುವುದಕ್ಕೆ ಮೂರು ತಿಂಗಳು ಬೇಕಾಗಿಯೂ ಇಲ್ಲ. ಆಕೆ ಐದೂವರೆಗೆ ಮನೆಗೆ ಹೊರಟರೆ ಒಂದು ಗುರಿ ಅರ್ಧ ಈಡೇರಿದಂತೆ.

ಒಂಬತ್ತನೆಯ ತಿಂಗಳಲ್ಲೂ ಏನೂ ಬದಲಾಗದಿದ್ದರೆ? ಅಂಥವರೂ ಇರುತ್ತಾರೆ. ಕೆಲವು ಒಳ್ಳೆಯ ನರ್ಸ್‌ಗಳಿಗೆ ರೋಗಿಯ ಹಾಸಿಗೆಯ ಪಕ್ಕವೇ ಬೇಕು, ರೋಸ್ಟರ್ ಬೇಡ. ಈಗ ಅವರಿಗಿರುವ ತೊಂದರೆ ಎಂದರೆ ಹೆಚ್ಚಿನ ಸಂಬಳಕ್ಕೆ ಇನ್‌ಚಾರ್ಜ್ ಹುದ್ದೆ ಬಿಟ್ಟು ಬೇರೆ ಮೆಟ್ಟಿಲೇ ಇಲ್ಲದಿರುವುದು. ಹೀಗಾಗಿ ಬೇಡವೆಂದು ಗೊತ್ತಿದ್ದೂ ಹಿಡಿದುಕೊಂಡಿರುತ್ತಾರೆ. ಆಸ್ಪತ್ರೆ ನಡೆಸುವವರಲ್ಲಿ ಕೇಳುವುದಿಷ್ಟೇ: ಹೊಸಬರಿಗೆ ಕಲಿಸುವ, ಕಷ್ಟದ ರೋಗಿಗಳನ್ನು ನೋಡಿಕೊಳ್ಳುವ ಹಿರಿಯ ನರ್ಸ್ ಎಂಬ ಇನ್ನೊಂದು ಹುದ್ದೆ ಮಾಡಿ, ಅದಕ್ಕೂ ಇನ್‌ಚಾರ್ಜ್‌ಗೆ ಕೊಡುವಷ್ಟೇ ಸಂಬಳ ಕೊಡಿ, ಮತ್ತು ಹುದ್ದೆ ಬಿಟ್ಟು ಅಲ್ಲಿಗೆ ಬರುವವರ ಫೈಲಿನಲ್ಲಿ ಅದನ್ನು ವೈಫಲ್ಯ ಎಂದು ಬರೆಯಬೇಡಿ.